ಟ್ರಸ್ಟ್ ಮಂಡಳಿಗಳು ವಾಹನ ಖರೀದಿಗೆ ಬಂಡವಾಳ ಆಯವ್ಯಯ ಪತ್ರ ತಯಾರಿಸುವ ಕ್ರಮ: ಸವಕಳಿ, ಸಾಲದ ವೆಚ್ಚ ಮತ್ತು ಹೂಡಿಕೆ ಮರಳುವ ಅವಧಿ

ಶಾಲೆ ನಡೆಸುವ ಟ್ರಸ್ಟ್ ಮಂಡಳಿಗಳು ವಾಹನ ಖರೀದಿಗಾಗಿ ಬ್ಯಾಂಕಿಗೆ ಸಾಲದ ಅರ್ಜಿಯನ್ನಾಗಲಿ, ಅನುದಾನ ನೀಡುವ ಪ್ರಾಧಿಕಾರಕ್ಕೆ ಪ್ರಸ್ತಾವನೆಯನ್ನಾಗಲಿ ಸಲ್ಲಿಸುವಾಗ ಅದರೊಂದಿಗೆ ಬಂಡವಾಳ ಆಯವ್ಯಯ ಪತ್ರವನ್ನು ಲಗತ್ತಿಸುವುದು ರೂಢಿ. ಇಂತಹ ಪತ್ರಗಳಲ್ಲಿ ಹೆಚ್ಚಿನವು ವಾಹನದ ದರಪಟ್ಟಿ ಮತ್ತು ಮಂಡಳಿಯ ಠರಾವಿನ ನಕಲಿನಲ್ಲಿಯೇ ಮುಗಿದಿರುತ್ತವೆ. ವಾಹನ ಕೊಂಡ ನಂತರ ಪ್ರತಿ ತಿಂಗಳು ಕೈಯಲ್ಲಿ ಎಷ್ಟು ಹಣ ಉಳಿಯುತ್ತದೆ ಎಂಬ ಲೆಕ್ಕ ಅವುಗಳಲ್ಲಿ ಇರುವುದಿಲ್ಲ. ಅದನ್ನು ತಯಾರಿಸುವ ಕ್ರಮವನ್ನು ಕೊಪ್ಪಳ ತಾಲ್ಲೂಕಿನ ಅಳವಂಡಿಯಲ್ಲಿ ಶಾಲೆ ನಡೆಸುವ ಒಂದು ಟ್ರಸ್ಟಿನ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯು ಕಲ್ಪಿತವಾಗಿದ್ದು, ಬೆಲೆ ಮತ್ತು ಖರ್ಚಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಮಾತ್ರ. ಅರ್ಜಿದಾರರು ತಮ್ಮ ದರಪಟ್ಟಿಯ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಈಗಿನ ವೆಚ್ಚ ಮತ್ತು ಮುಂದಿನ ವೆಚ್ಚ

ಸದರಿ ಟ್ರಸ್ಟು ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ಕರೆತರಲು ಮೂರು ಮ್ಯಾಕ್ಸಿಕ್ಯಾಬ್‌ಗಳನ್ನು ಬಾಡಿಗೆಗೆ ಪಡೆದಿದೆ. ಒಂದಕ್ಕೆ ತಿಂಗಳಿಗೆ 40,000 ರೂ.ನಂತೆ ವರ್ಷದ 10 ತಿಂಗಳಿಗೆ ಒಟ್ಟು 12,00,000 ರೂ. ಪಾವತಿಸುತ್ತಿದೆ. ಇದರ ಬದಲು ಬೆಳಿಗ್ಗೆ ಎರಡು, ಸಂಜೆ ಎರಡು ಸರದಿ ಓಡುವ ಒಂದು ಸ್ವಂತ ಬಸ್ಸು ಕೊಳ್ಳಬೇಕೆಂಬುದು ಮಂಡಳಿಯ ಪ್ರಸ್ತಾವನೆ.

ಬಸ್ಸಿನ ಬೆಲೆ ತೆರಿಗೆ ಸೇರಿ 22,50,000 ರೂ. ಮತ್ತು ನೋಂದಣಿ, ಕ್ಯಾಮೆರಾ ಮುಂತಾದ ಸಲಕರಣೆಗಳ ಬಾಬ್ತು 1,50,000 ರೂ., ಒಟ್ಟು 24,00,000 ರೂ. ಎಂದಿಟ್ಟುಕೊಳ್ಳೋಣ. ಶಾಲಾ ಶಿಕ್ಷಣ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಬಸ್ಸಿನ ಮೇಲೆ ಕಟ್ಟಿದ ತೆರಿಗೆಯನ್ನು ಟ್ರಸ್ಟು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ಅದನ್ನು ಬೆಲೆಯಲ್ಲಿಯೇ ಸೇರಿಸಬೇಕು. ಬಸ್ಸುಗಳ ಮೇಲಿನ ಜಿ.ಎಸ್.ಟಿ. ದರವು 22-9-2025ರಿಂದ ಶೇ. 28ರ ಬದಲು ಶೇ. 18 ಆಗಿದೆ. ಅದಕ್ಕೂ ಹಿಂದಿನ ದರಪಟ್ಟಿಯನ್ನು ಲಗತ್ತಿಸುವವರು ಹೊಸದನ್ನು ಪಡೆಯುವುದು ಒಳಿತು.

ಓಡಿಸುವ ಖರ್ಚಿಗೆ ಮೊದಲು ದಿನಗಳನ್ನು ಎಣಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಂತೆ 6ರಿಂದ 8ನೇ ತರಗತಿಗೆ ಕನಿಷ್ಠ 220 ಕೆಲಸದ ದಿನಗಳು. ದಿನಕ್ಕೆ 80 ಕಿ.ಮೀ. ಎಂದರೆ ವರ್ಷಕ್ಕೆ 17,600 ಕಿ.ಮೀ. ಆಗುತ್ತದೆ. ಲೀಟರಿಗೆ 5.5 ಕಿ.ಮೀ. ಓಡಿದರೆ 3,200 ಲೀಟರ್ ಡೀಸೆಲ್ ಬೇಕು. ವಾರ್ಷಿಕ ಖರ್ಚು ಹೀಗಿರುತ್ತದೆ:

ಡೀಸೆಲ್ (ಲೀಟರಿಗೆ 90 ರೂ.ನಂತೆ): 2,88,000
ಚಾಲಕ ಮತ್ತು ಸಹಾಯಕಿಯ ವೇತನ (12 ತಿಂಗಳು): 3,36,000
ವಿಮೆ: 65,000
ಟೈರು, ಆಯಿಲ್, ದುರಸ್ತಿ: 75,000
ತೆರಿಗೆ, ಅರ್ಹತಾ ಪತ್ರ: 16,000
ಒಟ್ಟು: 7,80,000

ಬಾಡಿಗೆಯ 12,00,000 ರೂ.ಗಳಲ್ಲಿ ಇದನ್ನು ಕಳೆದರೆ ವರ್ಷಕ್ಕೆ 4,20,000 ರೂ. ನಗದು ಉಳಿತಾಯ. ಮುಂದಿನ ಲೆಕ್ಕವೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಬಾಡಿಗೆ ವಾಹನಕ್ಕೆ 10 ತಿಂಗಳು ಮಾತ್ರ ಹಣ ಕೊಟ್ಟರೆ ಸಾಕು, ಸ್ವಂತ ಬಸ್ಸಿನ ಚಾಲಕನಿಗೆ ಬೇಸಿಗೆ ರಜೆಯಲ್ಲಿಯೂ ವೇತನ ಕೊಡಬೇಕು. ಪ್ರಸ್ತಾವನೆಗಳಲ್ಲಿ ವೇತನವನ್ನು 10 ತಿಂಗಳಿಗೆ ಬರೆದು ಉಳಿತಾಯವನ್ನು ಹೆಚ್ಚಿಸಿ ತೋರಿಸಿರುವುದನ್ನು ಪರಿಶೀಲಿಸುವವರು ಮೊದಲ ನೋಟದಲ್ಲಿಯೇ ಗುರುತಿಸುತ್ತಾರೆ.

ರಜೆಯಲ್ಲಿ ಬಸ್ಸನ್ನು ಮದುವೆ, ಜಾತ್ರೆಗಳಿಗೆ ಬಾಡಿಗೆಗೆ ಬಿಟ್ಟು ಬರುವ ಆದಾಯವನ್ನು ಇದರಲ್ಲಿ ಸೇರಿಸಬಾರದು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 2(11)ರಂತೆ ಶಿಕ್ಷಣ ಸಂಸ್ಥೆಯ ಬಸ್ಸು ಎಂದರೆ ಸಂಸ್ಥೆಯ ವಿದ್ಯಾರ್ಥಿಗಳನ್ನು ಅಥವಾ ಸಿಬ್ಬಂದಿಯನ್ನು ಅದರ ಚಟುವಟಿಕೆಗಳ ಸಂಬಂಧವಾಗಿ ಸಾಗಿಸಲು ಮಾತ್ರ ಬಳಸುವ ಬಸ್ಸು.

ಸವಕಳಿ

ಬಸ್ಸಿನ ಬಾಳಿಕೆಯನ್ನು 8 ವರ್ಷವೆಂದು ಹಿಡಿಯಬಹುದು. ಕಂಪನಿಗಳ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಬಾಡಿಗೆಗೆ ಓಡಿಸದ ಬಸ್ಸುಗಳಿಗೆ ಇದೇ ಅವಧಿಯನ್ನು ಹೇಳುತ್ತದೆ. ಅದು ಟ್ರಸ್ಟಿಗೆ ಕಡ್ಡಾಯವಲ್ಲದಿದ್ದರೂ ಒಪ್ಪತಕ್ಕ ಆಧಾರ. ಅಲ್ಲದೆ ಸಾರಿಗೆ ವಾಹನದ ಅರ್ಹತಾ ಪತ್ರವನ್ನು 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ನವೀಕರಿಸಬೇಕಾಗುವುದರಿಂದ ಆಮೇಲೆ ದುರಸ್ತಿಯ ಖರ್ಚು ಏರುತ್ತದೆ. ಎಂಟು ವರ್ಷದ ಕೊನೆಗೆ ಬಸ್ಸು 4,00,000 ರೂ.ಗೆ ಮಾರಾಟವಾಗುವುದೆಂದು ಭಾವಿಸಿದರೆ ಉಳಿದ 20,00,000 ರೂ.ಗಳನ್ನು 8ರಿಂದ ಭಾಗಿಸಿ ವರ್ಷಕ್ಕೆ 2,50,000 ರೂ. ಸವಕಳಿ ಬರೆಯಬೇಕು.

ಕೆಲವು ಮಂಡಳಿಗಳು ಆದಾಯ ತೆರಿಗೆ ನಿಯಮಗಳ ಶೇ. 15ರ ಇಳಿಕೆ ಮೌಲ್ಯದ ವಿಧಾನವನ್ನು ಬಳಸುತ್ತವೆ. ಅದರಂತೆ ಮೊದಲ ವರ್ಷದ ಸವಕಳಿ 3,60,000 ರೂ. ಆಗಿ, ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಎಂಟು ವರ್ಷದ ನಂತರ ಪುಸ್ತಕದಲ್ಲಿ ಸುಮಾರು 6,54,000 ರೂ. ಉಳಿದಿರುತ್ತದೆ. ಬಸ್ಸು 4,00,000 ರೂ.ಗೆ ಮಾರಾಟವಾದರೆ ಸುಮಾರು 2,54,000 ರೂ. ನಷ್ಟವು ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಆಯವ್ಯಯ ಪತ್ರಕ್ಕೆ ಸಮ ಕಂತಿನ ವಿಧಾನವೇ ಸರಳ.

ಸವಕಳಿ ಎಂಬುದು ಪುಸ್ತಕದ ಖರ್ಚು. ಅದಕ್ಕಾಗಿ ಆ ವರ್ಷ ಯಾರಿಗೂ ಹಣ ಕೊಡುವುದಿಲ್ಲ, ಏಕೆಂದರೆ ಬಸ್ಸಿನ ಹಣವನ್ನು ಕೊಂಡ ದಿನವೇ ಕೊಟ್ಟಾಗಿದೆ. ಆದ್ದರಿಂದ ಹೂಡಿಕೆ ಮರಳುವ ಅವಧಿಯನ್ನು ಕಂಡುಹಿಡಿಯುವಾಗ ಉಳಿತಾಯದಲ್ಲಿ ಸವಕಳಿಯನ್ನು ಕಳೆಯಬಾರದು. ಕಳೆದರೆ ಉಳಿತಾಯ 1,70,000 ರೂ.ಗೆ ಇಳಿದು, ಹೂಡಿಕೆ ಮರಳಲು 14 ವರ್ಷ ಬೇಕೆಂಬ ತಪ್ಪು ಉತ್ತರ ಬರುತ್ತದೆ. ಇದರಲ್ಲಿ ಒಂದೇ ಬಸ್ಸಿನ ಬೆಲೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಸರಿಯಾದ ಲೆಕ್ಕದಲ್ಲಿ 24,00,000 ರೂ.ಗಳನ್ನು 4,20,000ರಿಂದ ಭಾಗಿಸಿದರೆ ಸುಮಾರು 5 ವರ್ಷ 9 ತಿಂಗಳು ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೂ ಲೆಕ್ಕ ಅಪೂರ್ಣವೇ, ಏಕೆಂದರೆ ಇದರಲ್ಲಿ ಬಡ್ಡಿ ಸೇರಿಲ್ಲ.

ಸಾಲದ ವೆಚ್ಚ

ಟ್ರಸ್ಟು ಸ್ವಂತ ನಿಧಿಯಿಂದ 9,00,000 ರೂ. ಹಾಕಿ, ಉಳಿದ 15,00,000 ರೂ.ಗಳನ್ನು ಶೇ. 10.5ರ ಬಡ್ಡಿಗೆ 60 ತಿಂಗಳ ಅವಧಿಗೆ ಸಾಲ ಪಡೆಯುತ್ತದೆ ಎನ್ನೋಣ. ಮಾಸಿಕ ಕಂತು 32,241 ರೂ., ವರ್ಷಕ್ಕೆ 3,86,892 ರೂ., ಐದು ವರ್ಷಕ್ಕೆ 19,34,460 ರೂ. ಆಗುತ್ತದೆ. ಒಟ್ಟು ಬಡ್ಡಿ 4,34,460 ರೂ.

ಇದೇ ಸಾಲವನ್ನು ಮಾರಾಟಗಾರರ ಪ್ರತಿನಿಧಿಗಳು "ಶೇ. 5.8 ಫ್ಲ್ಯಾಟ್ ಬಡ್ಡಿ" ಎಂದು ಹೇಳುವುದುಂಟು. 15,00,000 ರೂ.ಗೆ ಶೇ. 5.8ರಂತೆ ಐದು ವರ್ಷಕ್ಕೆ 4,35,000 ರೂ. ಆಗುತ್ತದೆ, ಅಂದರೆ ಎರಡೂ ಒಂದೇ ಸಾಲ. ಫ್ಲ್ಯಾಟ್ ಲೆಕ್ಕದಲ್ಲಿ ತೀರಿಸಿದ ಅಸಲಿನ ಮೇಲೆಯೂ ಕೊನೆಯವರೆಗೆ ಬಡ್ಡಿ ಹಾಕುವುದರಿಂದ ದರ ಕಡಿಮೆ ಕಾಣುತ್ತದೆ. ಎರಡು ಬ್ಯಾಂಕುಗಳ ದರವನ್ನು ಹೋಲಿಸುವವರು ಹೇಳಿದ ಶೇಕಡಾವಾರನ್ನು ಬಿಟ್ಟು, ಒಂದೇ ಮೊತ್ತಕ್ಕೆ ಒಂದೇ ಅವಧಿಯ ಮಾಸಿಕ ಕಂತು ಎಷ್ಟೆಂದು ಲಿಖಿತವಾಗಿ ಕೇಳುವುದು ಸೂಕ್ತ.

ಬಡ್ಡಿಯನ್ನೂ ಸೇರಿಸಿದರೆ ಮರಳಬೇಕಾದ ಮೊತ್ತ 28,34,460 ರೂ. ಆಗಿ, ಅವಧಿ 6 ವರ್ಷ 9 ತಿಂಗಳಿಗೆ ಏರುತ್ತದೆ. ಸ್ವಂತ ನಿಧಿಯೂ ಉಚಿತವಲ್ಲ. ಆ 9,00,000 ರೂ. ಶೇ. 6.5ರ ನಿಶ್ಚಿತ ಠೇವಣಿಯಲ್ಲಿದ್ದರೆ ವರ್ಷಕ್ಕೆ 58,500 ರೂ. ಬಡ್ಡಿ ಬರುತ್ತಿತ್ತು. ಕೈಬಿಟ್ಟ ಆ ಬಡ್ಡಿಯನ್ನು ವರ್ಷವರ್ಷವೂ ಸೇರಿಸುತ್ತಾ ಹೋದರೆ ಹೂಡಿಕೆ ಪೂರ್ಣ ಮರಳುವುದು ಸುಮಾರು 7 ವರ್ಷ 10 ತಿಂಗಳಿಗೆ. ಬಸ್ಸಿನ ಬಾಳಿಕೆ 8 ವರ್ಷ. ಮೊದಲು ನಿಶ್ಚಿಂತೆಯಾಗಿ ಕಂಡ 5 ವರ್ಷ 9 ತಿಂಗಳ ಖರೀದಿಯು ಅಂಚಿನಲ್ಲಿ ನಿಂತಿರುವುದು ಈಗ ತಿಳಿಯುತ್ತದೆ. ಕೊನೆಯಲ್ಲಿ ಬರುವ 4,00,000 ರೂ. ಮಾರಾಟದ ಹಣವೊಂದೇ ಇದರಲ್ಲಿ ನೆಮ್ಮದಿಯ ಅಂಶ.

ಮೊದಲ ಐದು ವರ್ಷ

ವಾರ್ಷಿಕ ಉಳಿತಾಯ 4,20,000 ರೂ.ಗಳಲ್ಲಿ ಕಂತು 3,86,892 ರೂ. ಹೋದರೆ ಕೈಯಲ್ಲಿ ಉಳಿಯುವುದು 33,108 ರೂ. ಡೀಸೆಲ್ ಬೆಲೆ ಲೀಟರಿಗೆ 10 ರೂ. ಏರಿದರೆ 3,200 ಲೀಟರಿಗೆ 32,000 ರೂ. ಹೆಚ್ಚಾಗಿ, 1,108 ರೂ. ಮಾತ್ರ ಉಳಿಯುತ್ತದೆ. ಒಂದು ಜೊತೆ ಟೈರು ಬದಲಿಸಲೂ ಅದು ಸಾಲದು. ಹೀಗಾಗಿ ಸಾಲದ ಅವಧಿಯಲ್ಲಿ 2,50,000 ರೂ. ಸವಕಳಿ ನಿಧಿಯನ್ನು ಬೇರೆಯಾಗಿ ಠೇವಣಿ ಇಡುತ್ತೇವೆಂದು ಬರೆಯುವುದು ನಡೆಯುವ ಮಾತಲ್ಲ. ಆ ಐದು ವರ್ಷ ಅಸಲಿನ ಮರುಪಾವತಿಯೇ ಸವಕಳಿ ನಿಧಿಯ ಸ್ಥಾನದಲ್ಲಿರುತ್ತದೆ. ಆರನೆಯ ವರ್ಷದಿಂದ ಕಂತಿನಷ್ಟೇ ಮೊತ್ತವನ್ನು ಪ್ರತಿ ತಿಂಗಳು ಪ್ರತ್ಯೇಕ ಖಾತೆಗೆ ಜಮಾ ಮಾಡಬೇಕೆಂದು ಖರೀದಿಯ ಠರಾವಿನಲ್ಲಿಯೇ ನಮೂದಿಸುವುದು ಉತ್ತಮ. ಮೂರು ವರ್ಷಕ್ಕೆ ಅದು 11,60,000 ರೂ. ಮೀರುತ್ತದೆ, ಮುಂದಿನ ಬಸ್ಸಿಗೆ ಸ್ವಂತ ಪಾಲು ಸಿದ್ಧವಾಗಿರುತ್ತದೆ. ಠರಾವಿಲ್ಲದಿದ್ದರೆ ಸಾಲ ತೀರಿದ ತಿಂಗಳಿನಿಂದಲೇ ಆ ಹಣ ಬೇರೆ ಕಾಮಗಾರಿಗೆ ಹೋಗುತ್ತದೆ.

ವರ್ಷದ ಲೆಕ್ಕ ಸರಿಹೋದರೂ ತಿಂಗಳ ಲೆಕ್ಕ ತಪ್ಪಬಹುದು. ಕಂತು 12 ತಿಂಗಳೂ ಕಟ್ಟಬೇಕು, ಮಕ್ಕಳ ವಾಹನ ಶುಲ್ಕ 10 ತಿಂಗಳು ಮಾತ್ರ ಬರುತ್ತದೆ. ಒಕ್ಕಲುತನದ ಮನೆಗಳಲ್ಲಿ ಕೈಗೆ ಹಣ ಬರುವುದು ಸುಗ್ಗಿಯ ನಂತರ. ಏಪ್ರಿಲ್ ಮತ್ತು ಮೇ ತಿಂಗಳ ಎರಡು ಕಂತು ಹಾಗೂ ವೇತನ ಸೇರಿ ಸುಮಾರು 1,20,500 ರೂ.ಗಳನ್ನು ಮಾರ್ಚ್ ಅಂತ್ಯಕ್ಕೆ ಖಾತೆಯಲ್ಲಿ ಇಟ್ಟುಕೊಳ್ಳಬೇಕೆಂದು ಪತ್ರದಲ್ಲಿ ತೋರಿಸತಕ್ಕದ್ದು. ಕಂತು ತಪ್ಪುವ ಸಂಭವ ಹೆಚ್ಚಾಗಿರುವುದು ಈ ಎರಡು ತಿಂಗಳಲ್ಲಿಯೇ.

ಆದಾಯ ತೆರಿಗೆಯ ದೃಷ್ಟಿಯಿಂದ

ನೋಂದಾಯಿತ ಧರ್ಮಾರ್ಥ ಟ್ರಸ್ಟು ಬಸ್ಸಿಗೆ ಹಾಕಿದ ಹಣವನ್ನು ಉದ್ದೇಶಕ್ಕೆ ವಿನಿಯೋಗಿಸಿದ ಆದಾಯವೆಂದು ತೋರಿಸಿದ್ದರೆ, ಅದೇ ಬಸ್ಸಿನ ಸವಕಳಿಯನ್ನು ಮತ್ತೆ ವಿನಿಯೋಗವೆಂದು ಕೇಳುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ 2014ರಲ್ಲಿ ಕಲಂ 11(6) ಸೇರಿಸಿ ಈ ನಿಯಮ ಮಾಡಲಾಯಿತು. ಸಾಲದ ಹಣದಿಂದ ಕೊಂಡ ಭಾಗವು ಖರೀದಿಯ ವರ್ಷ ವಿನಿಯೋಗವೆನಿಸುವುದಿಲ್ಲ, ಅಸಲು ತೀರಿಸಿದ ವರ್ಷ ಅಷ್ಟರಮಟ್ಟಿಗೆ ಎನಿಸುತ್ತದೆ ಎಂದು 2021ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು. ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಆದಾಯದಿಂದ ಹಾಕಿದ 9,00,000 ರೂ. ಮಾತ್ರ ಮೊದಲ ವರ್ಷ ಲೆಕ್ಕಕ್ಕೆ ಬರುತ್ತದೆ. ಅದರೊಂದಿಗೆ ಆ ವರ್ಷ ತೀರಿಸಿದ ಅಸಲು, ಪೂರ್ಣ 12 ಕಂತು ಕಟ್ಟಿದ್ದರೆ ಸುಮಾರು 2,40,800 ರೂ., ಸೇರುತ್ತದೆ. 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆಯು 1-4-2026ರಿಂದ ಜಾರಿಯಾಗುವಂತೆ ರಚಿತವಾಗಿದ್ದು ಕಲಂ ಸಂಖ್ಯೆಗಳು ಬೇರೆಯಾಗಿರುವುದರಿಂದ, ಪತ್ರದಲ್ಲಿ ಕಲಂ ನಮೂದಿಸುವ ಮುನ್ನ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಪುಸ್ತಕದಲ್ಲಿ ಸವಕಳಿ ಬರೆಯುವುದನ್ನು ಈ ಕಾರಣಕ್ಕೆ ನಿಲ್ಲಿಸಬಾರದು.

ಅರ್ಜಿಯೊಂದಿಗೆ ದರಪಟ್ಟಿಗಳು, ಬ್ಯಾಂಕಿನ ಕಂತಿನ ಪತ್ರ, ಈಗಿನ ಬಾಡಿಗೆ ಕರಾರಿನ ನಕಲು ಮತ್ತು ಹಳ್ಳಿವಾರು ಮಕ್ಕಳ ಸಂಖ್ಯೆ ಹಾಗೂ ದೂರದ ತಖ್ತೆಯನ್ನು ಲಗತ್ತಿಸಬೇಕು. ದಿನದ 80 ಕಿ.ಮೀ. ಎಂಬ ಅಂಕಿಗೆ ಆ ತಖ್ತೆಯೇ ಆಧಾರ. ಎರಡು ಸರದಿ ಓಡಿಸಲು ವೇಳೆ ಸಾಲದೆ ಒಂದು ಮ್ಯಾಕ್ಸಿಕ್ಯಾಬನ್ನು ಉಳಿಸಿಕೊಳ್ಳಬೇಕಾಗಿ ಬಂದರೆ ಉಳಿತಾಯ 4,20,000ದಿಂದ 20,000 ರೂ.ಗೆ ಕುಸಿಯುತ್ತದೆ. ಆದಕಾರಣ ಠರಾವಿಗೆ ಮುನ್ನ ಒಂದು ವಾರ ಬಾಡಿಗೆ ಬಸ್ಸಿನಲ್ಲಿ ಎರಡು ಸರದಿಯನ್ನು ನಿಜವಾಗಿ ಓಡಿಸಿ, ಮೊದಲ ಮಗು ಹತ್ತಿದ ಮತ್ತು ಕೊನೆಯ ಮಗು ಇಳಿದ ವೇಳೆಯನ್ನು ಬರೆದಿಟ್ಟುಕೊಂಡು ಅದನ್ನೂ ಲಗತ್ತಿಸತಕ್ಕದ್ದು.