ಗೃಹಧೂಮವೂ ವಾಯುಮಾರ್ಗವೂ

ಊದುಬತ್ತಿ, ಸೊಳ್ಳೆಬತ್ತಿ, ಒಗ್ಗರಣೆ ಇವು ಮೂರೂ ಗಂಟಲನ್ನು ಕೆರಳಿಸುವುವಾದರೂ ಕೆರಳಿಸುವ ರೀತಿ ಒಂದೇ ಅಲ್ಲ. ಕಾದ ಎಣ್ಣೆಯಲ್ಲಿ ಒಣಮೆಣಸಿನಕಾಯಿ ಕರಿಕಾದೊಡನೆ ಏಳುವ ಘಾಟು, ಕಾಯಿಯ ಖಾರದ್ರವ್ಯವನ್ನೇ ಗಾಳಿಗೇರಿಸಿ ಕ್ಷಣಮಾತ್ರದಲ್ಲಿ ಕೆಮ್ಮು ತರಿಸಿ ಅಷ್ಟೇ ಬೇಗ ಅಡಗುತ್ತದೆ. ಬತ್ತಿಗಳಾದರೋ ಜ್ವಾಲೆಯಿಲ್ಲದೆ ಕೆಂಡವಾಗಿಯೇ ಮೆಲ್ಲಮೆಲ್ಲನೆ ಸುಡುವುದರಿಂದ, ಆ ಅಪೂರ್ಣ ದಹನದಲ್ಲಿ ಫಾರ್ಮಾಲ್ಡಿಹೈಡಿನಂಥ ಉರಿಕಾರಕ ಅನಿಲಗಳೂ 2.5 ಮೈಕ್ರಾನಿಗಿಂತ ಸಣ್ಣ ಕಣಗಳೂ ತಾಸುಗಟ್ಟಲೆ ಹೊರಬೀಳುತ್ತಿರುತ್ತವೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣಗಳು ಹೊರಬೀಳುವುವೆಂದು 2003ರಲ್ಲಿ ಪ್ರಕಟವಾದ ಒಂದು ಪರಿಶೋಧನೆ ತಿಳಿಸುತ್ತದೆ.

ಹತ್ತಡಿ ಚೌಕದ, ಹತ್ತಡಿ ಎತ್ತರದ ಮಲಗುವ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಅದರ ಗಾಳಿ ಸಾವಿರ ಘನ ಅಡಿ. ಬಾಗಿಲು ಕಿಟಕಿಗಳು ಮುಚ್ಚಿರುವಾಗ ಸಂದುಗಳ ಮೂಲಕ ಎರಡು ಗಂಟೆಗೆ ಅಷ್ಟೇ ಪ್ರಮಾಣದ ಹೊರಗಾಳಿ ಒಳಬರುವುದೆಂದಿಟ್ಟುಕೊಂಡರೆ, ಒಳಬಂದ ಗಾಳಿ ಹೊಗೆಯೊಡನೆ ಬೆರೆತೇ ಹೊರಹೋಗುವ ಕಾರಣ, ಬತ್ತಿ ಆರಿದ ಎರಡು ಗಂಟೆಯ ಮೇಲೂ ನೂರರಲ್ಲಿ 37 ಪಾಲು ಹೊಗೆ ಕೋಣೆಯಲ್ಲೇ ಉಳಿದಿರುತ್ತದೆ. ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದು ಗಂಟೆಗೆ ಐದು ಬಾರಿ ಗಾಳಿ ಬದಲಾಗುವಂತಾದರೆ ಒಂದೇ ಗಂಟೆಯಲ್ಲಿ ನೂರಕ್ಕೆ ಒಂದು ಪಾಲೂ ಉಳಿಯದು. ತೂಗುಫ್ಯಾನು ಈ ಲೆಕ್ಕಕ್ಕೆ ಸೇರತಕ್ಕುದಲ್ಲ; ಅದು ಹೊಗೆಯನ್ನು ಕದಡುವುದೇ ಹೊರತು ಕಳುಹಿಸುವುದಿಲ್ಲ.

ಅಡುಗೆಮನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಮನೆಯಲ್ಲಿ ಗೋಡೆಯ ಮೇಲ್ಭಾಗದ ಎಕ್ಸಾಸ್ಟ್ ಫ್ಯಾನು ಭೋರೆಂದು ತಿರುಗುತ್ತಿದ್ದರೂ ಒಗ್ಗರಣೆಯ ಘಾಟು ನಡುಮನೆಯವರನ್ನೆಲ್ಲ ಕೆಮ್ಮಿಸುತ್ತಿತ್ತು. ಉರಿಯುವ ಊದುಬತ್ತಿಯೊಂದನ್ನು ಹಿಡಿದು (ಅಪರಾಧಿಯನ್ನೇ ಸಾಕ್ಷಿಗೆ ಕರೆದಂತೆ!) ಹೊಗೆಯೆಳೆ ಬಾಗುವ ದಿಕ್ಕನ್ನು ನೋಡಿದಾಗ ಕಾರಣ ಗೋಚರಿಸಿತು: ಫ್ಯಾನಿನ ಪಕ್ಕದಲ್ಲೇ ತೆರೆದಿದ್ದ ಕಿಟಕಿಯಿಂದ ಬಂದ ಗಾಳಿ ಒಲೆಯತ್ತ ಸುಳಿಯದೆ ನೇರವಾಗಿ ಫ್ಯಾನಿನೊಳಗೇ ಹೋಗುತ್ತಿತ್ತು. ಆ ಕಿಟಕಿಯನ್ನು ಮುಚ್ಚಿ, ಒಲೆಯಿಂದಾಚೆಗಿದ್ದ ಹಿತ್ತಿಲ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದ ಮೇಲೆ ಗಾಳಿಯು ಒಲೆಯನ್ನು ಹಾಯ್ದು ಮೇಲೇರತೊಡಗಿತು. ಒಳಬರುವ ದಾರಿಯೇ ಇಲ್ಲದಿದ್ದರೆ ಫ್ಯಾನು ಶಬ್ದ ಮಾಡುವುದಷ್ಟೇ. ಬಾಣಲೆ ಕಾಯುವ ಮೊದಲೇ ಅದನ್ನು ಹಾಕಿ, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಬಿಡತಕ್ಕುದು. ಕಿಟಕಿಯಿಲ್ಲದ ದೇವರ ಕೋಣೆಗೆ ಮಾತ್ರ ಇಂಥ ಉಪಾಯವಿಲ್ಲ. ಅಲ್ಲಿ ಒಂದೇ ಬತ್ತಿ ಹಚ್ಚಿ ಬಾಗಿಲು ತೆರೆದಿಡುವುದೇ ಸರಿ.

ಕಿಟಕಿ ತೆರೆದರೆ ಸೊಳ್ಳೆ ಬರುವುದೆಂಬ ಆಕ್ಷೇಪಣೆ ನ್ಯಾಯವಾದುದೇ. ಜಾಲರಿ ಹಾಕಿಸಬಹುದು, ಆದರೆ ಅದು ಗಾಳಿಯನ್ನು ಒಂದಿಷ್ಟು ತಡೆಯುತ್ತದೆ. ಜಿಡ್ಡು ಧೂಳು ಕಟ್ಟಿದರೆ ಮತ್ತಷ್ಟು. ಅದನ್ನು ಆಗಾಗ ತೊಳೆದು, ಮಂಚಕ್ಕೆ ಸೊಳ್ಳೆಪರದೆ ಕಟ್ಟಿದ ಮನೆಯಲ್ಲಿ ಸೊಳ್ಳೆಬತ್ತಿಗೆ ಕೆಲಸವಿಲ್ಲ.