ಸೆನ್ಸೆಕ್ಸ್ ಎಂಬ ಒಂದು ಸಂಖ್ಯೆಯ ಹಿಂದಿನ ಲೆಕ್ಕ

2009ರ ಜನವರಿ 7. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು, ಕಂಪನಿಯ ಲೆಕ್ಕಪತ್ರದಲ್ಲಿ ತೋರಿಸಿದ್ದ ಸಾವಿರಾರು ಕೋಟಿ ರೂಪಾಯಿ ಸುಳ್ಳು ಎಂದು ಪತ್ರ ಬರೆದು ಒಪ್ಪಿಕೊಂಡರು. ಹಿಂದಿನ ದಿನ 179 ರೂಪಾಯಿ ಇದ್ದ ಸತ್ಯಂ ಷೇರು ಅಂದು ಸಂಜೆಗೆ 40 ರೂಪಾಯಿಗೆ ಬಂದು ನಿಂತಿತು. ಅದೇ ದಿನ ಸೆನ್ಸೆಕ್ಸ್ ಸುಮಾರು 749 ಅಂಕ ಇಳಿಯಿತು, ಅಂದರೆ ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚು.

ಸತ್ಯಂ ಷೇರು ಇಟ್ಟುಕೊಂಡವರ ನೂರು ರೂಪಾಯಿಯಲ್ಲಿ ಸುಮಾರು 78 ರೂಪಾಯಿ ಒಂದೇ ದಿನದಲ್ಲಿ ಹೋಯಿತು. ಸೆನ್ಸೆಕ್ಸ್ ಲೆಕ್ಕದಲ್ಲಿ ನೂರಕ್ಕೆ ಹೋದದ್ದು 7 ರೂಪಾಯಿ. ಹಾಗಾದರೆ ಸೆನ್ಸೆಕ್ಸ್ ಯಾರ ಲಾಭ-ನಷ್ಟವನ್ನು ಹೇಳುತ್ತದೆ? ಇದು ತಿಳಿಯಬೇಕಾದರೆ ಈ ಸಂಖ್ಯೆ ಹುಟ್ಟಿದ ಕಥೆಯನ್ನು ನೋಡಬೇಕು.

ಪತ್ರಕರ್ತನೊಬ್ಬನ ಕೂಡುವ ಲೆಕ್ಕ

ಷೇರು ಸೂಚ್ಯಂಕವನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಪತ್ರಕರ್ತ ಚಾರ್ಲ್ಸ್ ಡೌ. ನ್ಯೂಯಾರ್ಕ್ ಪೇಟೆಯಲ್ಲಿ ದಿನವೂ ಒಂದು ಷೇರು ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ಒಟ್ಟಾರೆ ಪೇಟೆ ಯಾವ ಕಡೆ ಹೋಗುತ್ತಿದೆ ಎಂದು ಓದುಗರಿಗೆ ಒಂದೇ ಮಾತಿನಲ್ಲಿ ಹೇಳಬೇಕಿತ್ತು. 1896ರ ಮೇ 26ರಂದು ಅವರು 12 ಕೈಗಾರಿಕಾ ಕಂಪನಿಗಳ ಷೇರು ಬೆಲೆಗಳನ್ನು ಕೂಡಿ 12ರಿಂದ ಭಾಗಿಸಿ ಪ್ರಕಟಿಸಿದರು. ಬಂದ ಸಂಖ್ಯೆ 40.94. ಅದೇ ಡೌ ಜೋನ್ಸ್ ಸರಾಸರಿ.

ಕಾಗದ, ಪೆನ್ಸಿಲ್ ಇದ್ದರೆ ಸಾಕು, ಯಾರು ಬೇಕಾದರೂ ಮಾಡಬಹುದಾದ ಲೆಕ್ಕ. ಆದರೆ ಇದರಲ್ಲಿ ಎರಡು ತೊಡಕುಗಳಿದ್ದವು. ಮೂರು ಕಂಪನಿಗಳನ್ನು ಇಟ್ಟುಕೊಂಡು ನೋಡೋಣ. 'ಕ' ಕಂಪನಿಯ ಷೇರು 100 ರೂಪಾಯಿ, 'ಖ' 50 ರೂಪಾಯಿ, 'ಗ' 500 ರೂಪಾಯಿ. ಕೂಡಿದರೆ 650, ಮೂರರಿಂದ ಭಾಗಿಸಿದರೆ ಸರಾಸರಿ ಸುಮಾರು 217.

ಮೊದಲ ತೊಡಕು ಹೀಗೆ. 'ಗ' ಕಂಪನಿ ತನ್ನ 500 ರೂಪಾಯಿಯ ಒಂದು ಷೇರನ್ನು 100 ರೂಪಾಯಿಯ ಐದು ಷೇರುಗಳಾಗಿ ಒಡೆಯಿತು ಎನ್ನಿ. ಐನೂರರ ನೋಟು ಕೊಟ್ಟು ನೂರರ ಐದು ನೋಟು ತಗೊಂಡ ಹಾಗೆ, ಯಾರಿಗೂ ನಷ್ಟವಿಲ್ಲ. ಆದರೆ ಸರಾಸರಿ 217ರಿಂದ 83ಕ್ಕೆ ಬೀಳುತ್ತದೆ! ಇದನ್ನು ಸರಿಪಡಿಸಲು 1928ರಿಂದ ಡೌ ಜೋನ್ಸ್‌ನವರು ಕಂಪನಿಗಳ ಸಂಖ್ಯೆಯಿಂದ ಭಾಗಿಸುವುದನ್ನು ಬಿಟ್ಟು, ಇಂಥ ಬದಲಾವಣೆ ಆದಾಗಲೆಲ್ಲ ಹೊಂದಿಸಿಕೊಳ್ಳುವ ಒಂದು ವಿಶೇಷ ಭಾಜಕವನ್ನು ಬಳಸತೊಡಗಿದರು.

ಎರಡನೆಯ ತೊಡಕು ಇನ್ನೂ ದೊಡ್ಡದು. ಈ ಲೆಕ್ಕದಲ್ಲಿ ದೊಡ್ಡ ಕಂಪನಿಗಿಂತ ದುಬಾರಿ ಷೇರಿಗೇ ಬಲ ಹೆಚ್ಚು. ಷೇರು ಬೆಲೆ ಒಂದನ್ನೇ ನೋಡಿದರೆ ಕಂಪನಿಯ ಗಾತ್ರ ತಿಳಿಯುವುದಿಲ್ಲ, ಒಟ್ಟು ಎಷ್ಟು ಷೇರುಗಳಿವೆ ಎಂಬುದನ್ನೂ ನೋಡಬೇಕು.

ಮುಂಬೈಯ ಲೆಕ್ಕ

ಮುಂಬೈ ಷೇರುಪೇಟೆ 1875ರಷ್ಟು ಹಳೆಯದು. ಆದರೆ ಅದರ ಸೆನ್ಸೆಕ್ಸ್ ಶುರುವಾದದ್ದು 1986ರಲ್ಲಿ, 30 ಕಂಪನಿಗಳೊಂದಿಗೆ. 1978-79ನೇ ಸಾಲನ್ನು ಆಧಾರ ವರ್ಷವೆಂದು ಹಿಡಿದು ಆಗಿನ ಮಟ್ಟವನ್ನು 100 ಎಂದು ಇಟ್ಟರು. ಹಾಗಾಗಿ 1990ರಲ್ಲಿ ಸೆನ್ಸೆಕ್ಸ್ 1000 ಮುಟ್ಟಿತು ಎಂದರೆ, ಆ ದೊಡ್ಡ ಕಂಪನಿಗಳ ಗುಂಪಿನ ಬೆಲೆ ಆಧಾರ ವರ್ಷಕ್ಕಿಂತ ಹತ್ತು ಪಟ್ಟಾಯಿತು ಎಂದರ್ಥ. ಸೆನ್ಸೆಕ್ಸ್‌ನ ಅಂಕ ರೂಪಾಯಿಯಲ್ಲ, 'ಅಂದು ನೂರಿದ್ದದ್ದು ಇಂದು ಎಷ್ಟು' ಎಂಬ ಹೋಲಿಕೆ ಮಾತ್ರ.

ಇಲ್ಲಿ ಮೊದಲಿನಿಂದಲೂ ಷೇರು ಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿ ಲೆಕ್ಕ ಹಾಕುತ್ತಿದ್ದರು. ಆದರೂ ಒಂದು ಕೊರತೆ ಉಳಿದಿತ್ತು. ನಮ್ಮ ಬೆಂಗಳೂರಿನ ವಿಪ್ರೋವನ್ನೇ ನೋಡಿ. 2000ದ ಸುಮಾರಿಗೆ ಅದರ ನೂರು ಷೇರುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಅಜೀಂ ಪ್ರೇಮ್‌ಜಿ ಮತ್ತು ಅವರ ಕಡೆಯವರ ಕೈಯಲ್ಲೇ ಇದ್ದವು. ಪೇಟೆಯಲ್ಲಿ ಜನ ಕೊಂಡು ಮಾರುತ್ತಿದ್ದದ್ದು ಉಳಿದ ಸ್ವಲ್ಪ ಷೇರು ಮಾತ್ರ. ಸಂತೆಗೆ ಹತ್ತು ಮೂಟೆ ತಂದವನನ್ನು, ಮನೆಯ ಕಣಜದಲ್ಲಿ ಇನ್ನೂ ತೊಂಬತ್ತು ಮೂಟೆ ಇದೆ ಎಂದು ನೂರು ಮೂಟೆಯ ಲೆಕ್ಕದಲ್ಲಿ ಹಿಡಿದರೆ ಸಂತೆಯ ವಹಿವಾಟು ಸರಿಯಾಗಿ ತಿಳಿಯುವುದಿಲ್ಲ.

ಅದಕ್ಕಾಗಿ 2003ರ ಸೆಪ್ಟೆಂಬರ್ 1ರಿಂದ ಸೆನ್ಸೆಕ್ಸ್ 'ಫ್ರೀ ಫ್ಲೋಟ್' ಲೆಕ್ಕಕ್ಕೆ ಬದಲಾಯಿತು. ಅಂದರೆ ಕಂಪನಿಯ ಪ್ರವರ್ತಕರು, ಸರ್ಕಾರ ಮುಂತಾದವರು ಇಟ್ಟುಕೊಂಡ ಷೇರುಗಳನ್ನು ಬಿಟ್ಟು, ಪೇಟೆಯಲ್ಲಿ ಸಾಮಾನ್ಯವಾಗಿ ಕೈ ಬದಲಾಯಿಸುವ ಷೇರುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ನಾವೇ ಹಾಕಿ ನೋಡೋಣ

ಮತ್ತೆ ನಮ್ಮ ಮೂರು ಕಂಪನಿಗಳು, ಷೇರು ಒಡೆಯುವ ಮುಂಚಿನ ಬೆಲೆಯಲ್ಲಿ. ಪೇಟೆಯಲ್ಲಿ ಓಡಾಡುವ ಷೇರುಗಳು 'ಕ'ದಲ್ಲಿ 400, 'ಖ'ದಲ್ಲಿ 1,200, 'ಗ'ದಲ್ಲಿ 200. ಬೆಲೆಯಿಂದ ಗುಣಿಸಿದರೆ:

ಕ: 100 × 400 = 40,000
ಖ: 50 × 1,200 = 60,000
ಗ: 500 × 200 = 1,00,000
ಒಟ್ಟು: 2,00,000

ಈ ದಿನವನ್ನು 100 ಎಂದು ಇಡೋಣ. 2,00,000ವನ್ನು 2,000ದಿಂದ ಭಾಗಿಸಿದರೆ 100 ಬರುತ್ತದೆ. ಆ 2,000ವೇ ನಮ್ಮ ಭಾಜಕ.

ಮರುದಿನ 'ಕ' 110ಕ್ಕೆ ಏರಿತು, 'ಗ' 490ಕ್ಕೆ ಇಳಿಯಿತು, 'ಖ' ಇದ್ದಲ್ಲೇ ಇದೆ. ಡೌ ಅವರ ಹಳೆಯ ಲೆಕ್ಕದಲ್ಲಿ ಬೆಲೆಗಳ ಮೊತ್ತ ಮತ್ತೆ 650, ಪೇಟೆ ಅಲ್ಲಾಡಿಯೇ ಇಲ್ಲ. ನಮ್ಮ ಲೆಕ್ಕದಲ್ಲಿ 44,000, 60,000 ಮತ್ತು 98,000 ಸೇರಿ 2,02,000. ಭಾಜಕದಿಂದ ಭಾಗಿಸಿದರೆ 101. ಸೂಚ್ಯಂಕ ಒಂದು ಅಂಕ ಏರಿದೆ. ಷೇರು ಒಡೆದರೂ ಇಲ್ಲಿ ತೊಂದರೆಯಿಲ್ಲ: ಬೆಲೆ ಐದನೇ ಒಂದು ಭಾಗಕ್ಕೆ ಇಳಿದರೆ ಷೇರುಗಳ ಸಂಖ್ಯೆ ಐದು ಪಟ್ಟಾಗುತ್ತದೆ, ಗುಣಲಬ್ಧ ಅಷ್ಟೇ.

ಈಗ 'ಕ' ಕಂಪನಿಯನ್ನು ಪಟ್ಟಿಯಿಂದ ತೆಗೆದು, 1,45,000 ಮೌಲ್ಯದ 'ಘ' ಕಂಪನಿಯನ್ನು ಸೇರಿಸಬೇಕು. ಒಟ್ಟು ಮೊತ್ತ 3,03,000 ಆಗುತ್ತದೆ. ಹಳೆಯ ಭಾಜಕವನ್ನೇ ಇಟ್ಟುಕೊಂಡರೆ ಸೂಚ್ಯಂಕ ಸುಮ್ಮನೆ 151.5ಕ್ಕೆ ಹಾರುತ್ತದೆ. ಅದಕ್ಕೆ ಭಾಜಕವನ್ನು 3,000 ಮಾಡುತ್ತಾರೆ, ಸೂಚ್ಯಂಕ 101ರಲ್ಲೇ ನಿಲ್ಲುತ್ತದೆ. ಪಟ್ಟಿ ಬದಲಾಯಿತು, ಸಂಖ್ಯೆ ಕದಲಲಿಲ್ಲ.

ಬಿದ್ದವರು ಪಟ್ಟಿಯಲ್ಲಿ ಉಳಿಯುವುದಿಲ್ಲ

ಸತ್ಯಂ ವಿಷಯದಲ್ಲಿ ಆದದ್ದೂ ಇದೇ. ಅದೇ ಜನವರಿಯಲ್ಲಿ ಅದನ್ನು ಸೆನ್ಸೆಕ್ಸ್‌ನಿಂದ ತೆಗೆದು ಸನ್ ಫಾರ್ಮಾ ಕಂಪನಿಯನ್ನು ಸೇರಿಸಿದರು. ಬಿದ್ದ ದಿನದ ನಷ್ಟ ಸೆನ್ಸೆಕ್ಸ್‌ನಲ್ಲಿ ದಾಖಲಾಗಿದೆ, ಅದನ್ನು ಅಳಿಸಲಿಲ್ಲ. ಆದರೆ ಅಲ್ಲಿಂದ ಮುಂದೆ ಸೂಚ್ಯಂಕ ಹೊಸ ಕಂಪನಿಯ ಜೊತೆ ನಡೆಯಿತು, ಸತ್ಯಂ ಷೇರು ಕೊಂಡವರು ಅದರೊಂದಿಗೇ ಉಳಿದರು. 'ಸೆನ್ಸೆಕ್ಸ್ ಇಷ್ಟು ವರ್ಷದಲ್ಲಿ ಇಷ್ಟು ಪಟ್ಟಾಗಿದೆ, ಈ ಷೇರು ತಗೊಳ್ಳಿ' ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ. ಏರಿದ್ದು ಕಾಲಕಾಲಕ್ಕೆ ಸದಸ್ಯರನ್ನು ಬದಲಿಸಿಕೊಂಡ ಗುಂಪು. ಅವರು ತೋರಿಸುತ್ತಿರುವುದು ಒಂದೇ ಕಂಪನಿ.

ಟಿವಿಯಲ್ಲಿ 'ಸಾವಿರ ಅಂಕ ಕುಸಿತ' ಎಂದು ಬಂದಾಗ ಮೊದಲು ಶೇಕಡಾ ಎಷ್ಟೆಂದು ನೋಡಿ. ಸೆನ್ಸೆಕ್ಸ್ 10,000 ಇದ್ದಾಗ ಸಾವಿರ ಅಂಕ ಎಂದರೆ ಹತ್ತರಲ್ಲೊಂದು ಪಾಲು. 80,000 ಇದ್ದಾಗ ಅದೇ ಸಾವಿರ ಎಂದರೆ ಶೇಕಡಾ ಒಂದೂಕಾಲು.

ಇದು ಷೇರು ಕೊಳ್ಳುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2015ರಿಂದ ನೌಕರರ ಭವಿಷ್ಯ ನಿಧಿಯ ಒಂದು ಪಾಲನ್ನು ಸೆನ್ಸೆಕ್ಸ್ ಮತ್ತು ನಿಫ್ಟಿ ಸೂಚ್ಯಂಕಗಳನ್ನು ಅನುಸರಿಸುವ ಫಂಡ್‌ಗಳಲ್ಲಿ ಹಾಕಲಾಗುತ್ತಿದೆ. ಗಾರ್ಮೆಂಟ್ಸ್‌ಗೆ ಹೋಗುವ ನಿಮ್ಮ ಮನೆಯವರ ಸಂಬಳದಲ್ಲಿ ಪಿಎಫ್ ಕಡಿತವಾಗುತ್ತಿದ್ದರೆ, ಅದರಲ್ಲಿ ಒಂದಿಷ್ಟು ಈ ಕಂಪನಿಗಳ ಗುಂಪಿನೊಂದಿಗೆ ಏರಿಳಿಯುವ ಜಾಗದಲ್ಲಿದೆ.