ಹಳೆಯ ಕಾಗದ, ಹೊಸ ಚಿತ್ರ

ರಾಜಸ್ತಾನದ ಜೈಪುರ, ಉದಯಪುರ, ಕಿಶನ್‌ಗಢಗಳ ಅಂಗಡಿಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪಕ್ಕದಿಂದ ಕಾಣುವ ಹೆಣ್ಣಿನ ಮುಖ, ಕಿವಿಯತ್ತ ಚಾಚಿದ ಕಮಲದಳದಂಥ ಕಣ್ಣು, ಚೂಪು ಮೂಗು, ಕೆನ್ನೆಗಿಳಿದ ಮುಂಗುರುಳು. ಒಂದು ಕೈಯಲ್ಲಿ ತಾವರೆಯ ಮೊಗ್ಗು, ಇನ್ನೊಂದು ಕೈಯಲ್ಲಿ ತೆಳುವಾದ ಸೆರಗಿನ ಅಂಚು. ಇವಳೇ 'ಬಣಿ ಠಣಿ'. ಸಿಂಗರಿಸಿಕೊಂಡವಳು ಎಂದು ಆ ಹೆಸರಿನ ಅರ್ಥ. ಕಾಗದ ಕಂದಿರುತ್ತದೆ, ಅಂಚು ಮುರಿದಿರುತ್ತದೆ, ಹಿಂಬದಿಯಲ್ಲಿ ಉರ್ದು ಅಥವಾ ನಾಗರಿ ಕೈಬರಹವೂ ಉಂಟು. ಇದು ಇನ್ನೂರೈವತ್ತು ವರ್ಷದ ಆಸ್ಥಾನಚಿತ್ರವೆಂದು ಮಾರುವವನು ಹೇಳಿದರೆ ನಂಬಬೇಕೆ?

ಈ ಚಿತ್ರದ ಮೂಲ ಹದಿನೆಂಟನೆಯ ಶತಮಾನದ ಮಧ್ಯಭಾಗದ್ದು. ಕಿಶನ್‌ಗಢದ ಅರಸು ಸಾವಂತ ಸಿಂಹ 'ನಾಗರಿದಾಸ'ನೆಂಬ ಹೆಸರಿನಲ್ಲಿ ಕೃಷ್ಣಭಕ್ತಿಯ ಕಾವ್ಯ ರಚಿಸಿದವನು. ಅವನ ಆಸ್ಥಾನದ ಚಿತ್ರಕಾರ ನಿಹಾಲ್ ಚಂದ್ ಇದನ್ನು ಬರೆದನೆಂಬುದು ವಿದ್ವಾಂಸರಲ್ಲಿ ರೂಢಿಯಾಗಿರುವ ಅಭಿಪ್ರಾಯ. ಅರಮನೆಯೊಳಗೇ ಉಳಿದಿದ್ದ ಕಿಶನ್‌ಗಢದ ಚಿತ್ರಗಳು ಹೊರಜಗತ್ತಿನ ಗಮನ ಸೆಳೆದದ್ದು 1943ರಲ್ಲಿ, ಲಾಹೋರಿನ ಇಂಗ್ಲಿಷ್ ಪ್ರಾಧ್ಯಾಪಕ ಎರಿಕ್ ಡಿಕಿನ್ಸನ್ ಅವನ್ನು ನೋಡಿದ ಮೇಲೆ. 1959ರಲ್ಲಿ ಲಲಿತಕಲಾ ಅಕಾಡೆಮಿ ಅವುಗಳ ಬಗ್ಗೆ ಗ್ರಂಥ ಪ್ರಕಟಿಸಿತು. 1973ರಲ್ಲಿ ಅಂಚೆ ಇಲಾಖೆ ಈ ಮುಖವನ್ನೇ 20 ಪೈಸೆಯ ಅಂಚೆಚೀಟಿಯ ಮೇಲೆ ಮುದ್ರಿಸಿತು. ಹೀಗೆ ಮುಖ ಮನೆಮಾತಾಯಿತು. ನಕಲುಗಳಿಗೆ ಮಾದರಿಯೂ ಸುಲಭವಾಗಿ ಸಿಕ್ಕಿತು.

ಕೊಳ್ಳುವವರು ಮೊದಲು ನೋಡುವುದು ಕಾಗದವನ್ನು. ಅತಿ ಹೆಚ್ಚು ಮೋಸಹೋಗುವುದೂ ಅಲ್ಲಿಯೇ. ಆಸ್ಥಾನದ ಚಿತ್ರಕಾರರು ಕೈಕಾಗದದ ಎರಡು ಮೂರು ಹಾಳೆಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ 'ವಸಲಿ' ಎಂಬ ಗಟ್ಟಿ ಹಾಳೆ ಮಾಡಿಕೊಳ್ಳುತ್ತಿದ್ದರು. ನಯವಾದ ಕಲ್ಲಿನಿಂದ ಉಜ್ಜಿ ಅದಕ್ಕೆ ಹೊಳಪು ತರುತ್ತಿದ್ದರು. ಯಂತ್ರದ ಕಾಗದವಾದರೆ ಬೆಳಕಿಗೆ ಹಿಡಿದಾಗ ಸಾಮಾನ್ಯವಾಗಿ ಎಲ್ಲೆಡೆ ಒಂದೇ ಸಮನಾಗಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಬಿಳುಪಿನ ರಾಸಾಯನಿಕ ಬೆರೆಸಿ ಮಾಡಿದ ಕಾಗದ ನೇರಳಾತೀತ ದೀಪದಡಿ ನೀಲಿ ಬಿಳುಪಾಗಿ ಮಿನುಗುತ್ತದೆ. ಇಂಥ ನಕಲನ್ನು ಹಿಡಿಯುವುದು ಕಷ್ಟವಲ್ಲ.

ಜಾಣ ನಕಲುಗಾರ ಈ ತಪ್ಪು ಮಾಡುವುದಿಲ್ಲ. ಅವನು ಹಳೆಯ ಲೆಕ್ಕದ ಖಾತೆಗಳನ್ನೋ ಸಂಸ್ಥಾನಗಳ ಕಾಲದ ಛಾಪಾ ಕಾಗದಗಳನ್ನೋ ಕೊಂಡು ಅವುಗಳ ಮೇಲೆಯೇ ಚಿತ್ರ ಬರೆಯುತ್ತಾನೆ. ಆಗ ಕಾಗದ ನಿಜವಾಗಿಯೂ ಹಳೆಯದು, ಚಿತ್ರ ಮಾತ್ರ ಹೊಸದು. ಇಲ್ಲಿ ನೋಡಬೇಕಾದದ್ದು ಕಾಗದದ ವಯಸ್ಸನ್ನಲ್ಲ, ಕಾಗದದ ಗಾಯಕ್ಕೂ ಬಣ್ಣಕ್ಕೂ ಇರುವ ಸಂಬಂಧವನ್ನು. ಹಳೆಯ ಚಿತ್ರಕ್ಕೆ ಹುಳು ಹತ್ತಿದರೆ ಅದು ಬಣ್ಣವನ್ನೂ ಸೇರಿಸಿ ಕೊರೆಯುತ್ತದೆ. ತೂತಿನ ಅಂಚಿನಲ್ಲಿ ಬಣ್ಣ ಕತ್ತರಿಸಿದಂತಿರುತ್ತದೆ. ಹುಳು ತಿಂದ ಕಾಗದದ ಮೇಲೆ ಆಮೇಲೆ ಬರೆದಿದ್ದರೆ ಬಣ್ಣ ತೂತಿನೊಳಕ್ಕೆ ಇಳಿದಿರುತ್ತದೆ. ಮಡಿಕೆಯ ಗೆರೆಯೂ ಹಾಗೆಯೇ: ಹಳೆಯದರಲ್ಲಿ ಮಡಿಕೆ ಬಣ್ಣವನ್ನು ಒಡೆದಿರುತ್ತದೆ, ನಕಲಿನಲ್ಲಿ ಬಣ್ಣ ಮಡಿಕೆಯನ್ನು ತುಂಬಿರುತ್ತದೆ. ಕೈಬರಹದ ಸಾಲುಗಳು ಚಿತ್ರದ ಅಡಿಯಲ್ಲಿ ಹಾದುಹೋಗಿದ್ದರೆ, ಅದೂ ಹೊಲದ ವ್ಯಾಜ್ಯವೊಂದರ ಬರಹವಾಗಿದ್ದರೆ, ಅರಸನ ಚಿತ್ರಕಾರ ಅಂಥ ರದ್ದಿ ಕಾಗದವನ್ನು ಆರಿಸಿಕೊಂಡನೆಂದು ನಂಬುವುದು ಕಷ್ಟ.

ಎರಡನೆಯ ಸಾಕ್ಷಿ ಬಣ್ಣ. ಕೆಲವು ಬಣ್ಣಗಳಿಗೆ ಹುಟ್ಟಿದ ದಿನಾಂಕವುಂಟು. 1750ರ ಸುಮಾರಿನ ಚಿತ್ರಕಾರನ ಬಳಿ ಬಿಳುಪಿಗೆ ಸೀಸದ 'ಸಫೇದ', ಕೆಂಪಿಗೆ ಇಂಗಲೀಕ, ಕಪ್ಪಿಗೆ ಕಾಡಿಗೆ, ಹಸುರಿಗೆ ತಾಮ್ರದ ಕಿಲುಬು ಇರುತ್ತಿದ್ದವು. ಮೈಸೂರು ಶೈಲಿಯಲ್ಲಿ ಚಿನ್ನದ ಉಬ್ಬು ಕೆಲಸಕ್ಕೆ ಬಳಸುವ 'ಮಕ್ಕಿ ಸಫೇದ'ದಲ್ಲಿಯೂ ಇದೇ ಸಫೇದವಿದೆ. ಹಳದಿಗೆ 'ಪಿಯೂರಿ' ಇತ್ತು. ಮಾವಿನೆಲೆ ತಿನ್ನಿಸಿದ ಹಸುಗಳ ಮೂತ್ರದಿಂದ ಬಿಹಾರದ ಮುಂಗೇರ್ ಬಳಿ ಅದನ್ನು ತಯಾರಿಸುತ್ತಿದ್ದರೆಂದು 1883ರ ವರದಿಯೊಂದು ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. ನೇರಳಾತೀತ ದೀಪದಡಿ ಪಿಯೂರಿ ಹಳದಿಯಾಗಿ ಬೆಳಗುತ್ತದೆ.

ಇಂದು ಬಳಕೆಯಲ್ಲಿರುವ ಬಿಳಿ ಬಣ್ಣದಲ್ಲಿರುವುದು ಹೆಚ್ಚಾಗಿ ಟೈಟಾನಿಯಂ. ಅದು ಚಿತ್ರಕಾರರ ಕೈಗೆ ಬಂದದ್ದು ಮೊದಲ ಮಹಾಯುದ್ಧದ ನಂತರ. ಚಿತ್ರವನ್ನು ಮುಟ್ಟದೆ ಎಕ್ಸ್ ಕಿರಣ ಹಾಯಿಸಿ ಬಣ್ಣದಲ್ಲಿರುವ ಲೋಹಗಳನ್ನು ಗುರುತಿಸುವ ಉಪಕರಣಗಳಿವೆ. ಬಣಿ ಠಣಿಯ ಮುತ್ತುಗಳಲ್ಲಿ ಸೀಸದ ಬದಲು ಟೈಟಾನಿಯಂ ಕಂಡರೆ ಆ ಮುತ್ತುಗಳು 1750ರವಲ್ಲ. ಹಾಗೆಂದು ತೀರ್ಪಿಗೆ ಆತುರ ಸಲ್ಲದು. ಉದುರಿದ ಜಾಗಕ್ಕೆ ಯಾರೋ ಈಚೆಗೆ ತೇಪೆ ಹಾಕಿರಬಹುದು. ಆದ್ದರಿಂದ ಒಂದು ಚುಕ್ಕೆಯನ್ನಲ್ಲ, ಹತ್ತಾರು ಕಡೆ ನೋಡಬೇಕು.

ಕಾಲ ಮಾಡುವ ಕೆಲಸಗಳಲ್ಲಿ ಅನುಕರಿಸಲು ಕಷ್ಟವಾದದ್ದು ತಾಮ್ರದ ಹಸುರಿನದು. ಅದು ಹಲವು ದಶಕಗಳಲ್ಲಿ ಕಾಗದವನ್ನು ಮೆಲ್ಲಗೆ ಸುಡುತ್ತದೆ. ಮರಗಿಡಗಳಿಗೆ ಆ ಬಣ್ಣ ಬಳಿದ ಜಾಗದಲ್ಲಿ ಹಾಳೆಯ ಹಿಂಬದಿಗೂ ಕಂದು ಕಲೆ ಹಾಯುತ್ತದೆ, ಕೆಲವೊಮ್ಮೆ ಕಾಗದವೇ ಬಿರಿಯುತ್ತದೆ. ಚಹಾದ ನೀರು ಹಚ್ಚಿ ಹಳೆಯದಾಗಿಸಿದ ಹಾಳೆಯಲ್ಲಿ ಕಂದು ಎಲ್ಲೆಡೆ ಹರಡಿರುತ್ತದೆ. ಚಿತ್ರದ ಯಾವ ಬಣ್ಣದ ಆಕಾರವನ್ನೂ ಅದು ಅನುಸರಿಸುವುದಿಲ್ಲ.

ಮೂರನೆಯದು ಕುಂಚದ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದಕ್ಕೆ ಸಾಕು. ಅಳಿಲಿನ ಬಾಲದ ಕೂದಲಿನ ಕುಂಚದಿಂದ ಪಳಗಿದ ಕೈ ಎಳೆದ ಗೆರೆ ಸಣ್ಣಗೆ ಆರಂಭವಾಗಿ, ನಡುವೆ ತುಸು ತುಂಬಿಕೊಂಡು, ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಅವಸರದ ನಕಲಿನಲ್ಲಿ ಮುಂಗುರುಳಿನ ಗೆರೆ ಉದ್ದಕ್ಕೂ ಒಂದೇ ದಪ್ಪ. ಅಲ್ಲಲ್ಲಿ ಕುಂಚ ನಿಂತು ಮತ್ತೆ ಹೊರಟ ಗುರುತು ಕಾಣುತ್ತದೆ. ಹಳೆಯ ಚಿತ್ರದಲ್ಲಿ ಬಣ್ಣವನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಿ, ಹಾಳೆಯನ್ನು ಕವುಚಿ ಹಿಂಬದಿಯಿಂದ ಉಜ್ಜಿರುತ್ತಾರೆ. ಅದರಿಂದ ಮೈ ನುಣುಪಾಗುತ್ತದೆ. ಮುತ್ತುಗಳು ಮಾತ್ರ ಸಫೇದದ ಸಣ್ಣ ಉಬ್ಬುಗಳು. ಬಂಗಾರದ ಪುಡಿ ಬಣ್ಣ ಕೆಡುವುದಿಲ್ಲ. ಅಗ್ಗದ ನಕಲಿನ ಹಿತ್ತಾಳೆ ಪುಡಿ ಕಾಲಕ್ರಮೇಣ ಕಪ್ಪಿಡುತ್ತದೆ ಅಥವಾ ಹಸುರಾಗುತ್ತದೆ.

ಕುಂಚದ ಸಾಕ್ಷಿಗೂ ಮಿತಿಯಿದೆ. ಆಸ್ಥಾನದ ಚಿತ್ರಶಾಲೆಗಳಲ್ಲೇ 'ಚರ್ಬಾ' ಎಂಬ ಪಾರದರ್ಶಕ ಚರ್ಮದ ಮೇಲೆ ಮೂಲದ ಗೆರೆ ಇಳಿಸಿಕೊಂಡು ಪ್ರತಿ ಮಾಡುವ ಪದ್ಧತಿಯಿತ್ತು. ಅಂಥ ಪ್ರತಿ ನಕಲಾದರೂ ಹಳೆಯದೇ. ಇತ್ತ, ಕಲ್ಲನ್ನು ಅರೆದು ಬಣ್ಣ ಮಾಡುವ ಕುಶಲ ಚಿತ್ರಕಾರರು ಜೈಪುರದಲ್ಲಿ ಈಗಲೂ ಇದ್ದಾರೆ. ಅವರು ಹಳೆಯ ಕಾಗದದ ಮೇಲೆ ಹಳೆಯ ಕ್ರಮದಲ್ಲಿ ಬರೆದರೆ ಬಣ್ಣದ ಪರೀಕ್ಷೆಯಲ್ಲಿ ದೋಷ ಸಿಗದಿರಬಹುದು. ಹೀಗಾಗಿ ಪ್ರತಿಯೊಂದು ಪರೀಕ್ಷೆಯೂ 'ಇದು ಆ ಕಾಲದ್ದಲ್ಲ' ಎಂದು ಹೇಳಬಲ್ಲದು. 'ಇದು ಆ ಕಾಲದ್ದೇ' ಎಂದು ಒಂಟಿಯಾಗಿ ಹೇಳಲಾರದು. ಮೂರೂ ಸಾಕ್ಷಿಗಳು ಕೂಡಿಬಂದು, ಚಿತ್ರ ಯಾರ ಸಂಗ್ರಹದಿಂದ ಯಾರಿಗೆ ಬಂತು ಎಂಬ ದಾಖಲೆಯೂ ಇದ್ದರೆ ಮಾತ್ರ ನಂಬಿಕೆಗೆ ಬಲ ಬರುತ್ತದೆ.

ಹೊಸ ಚಿತ್ರವೆಂದೇ ಹೇಳಿ ಮಾರಿದ ನಕಲಿನಲ್ಲಿ ವಂಚನೆಯಿಲ್ಲ. ಅದು ದುಡಿದವನ ಕೈಚಳಕ. ಆದರೆ ಹಾಳೆಗಾಗಿ ಹಳೆಯ ಖಾತೆಗಳನ್ನು ಹರಿದಾಗ ಒಂದೂರಿನ ಭೂಮಿ, ಸಾಲ, ಕಂದಾಯಗಳ ದಾಖಲೆ ಬಿಡಿಬಿಡಿಯಾಗಿ ಪ್ರವಾಸಿಗರ ಪೆಟ್ಟಿಗೆ ಸೇರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳುವ ದಾರಿಯಿಲ್ಲ.

ಕೊಳ್ಳುವವರಿಗೆ ಸರಳವಾದ ಪರೀಕ್ಷೆಯೊಂದನ್ನು ಕಾನೂನೇ ಒದಗಿಸಿದೆ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ಚಿತ್ರವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಇನ್ನೂರೈವತ್ತು ವರ್ಷದ್ದೆಂದ ಅಂಗಡಿಯವನನ್ನು ಆ ಮಾತನ್ನೇ ರಸೀದಿಯಲ್ಲಿ ಬರೆದುಕೊಡಲು ಕೇಳಿದರೆ ಸಾಕು. ವಿದೇಶಕ್ಕೆ ಕಳುಹಿಸಿಕೊಡಲೂ ಸಿದ್ಧನಿರುವವನು ಅಲ್ಲಿ 'ಹೊಸ ಕರಕುಶಲ ವಸ್ತು' ಎಂದೇ ಬರೆಯಬೇಕಾಗುತ್ತದೆ.